ಫಿಟ್ಸ್ ನಿಂತ ಮೇಲೆ ಕೆಟ್ಟ ಮನಸ್ಸು

ತಿಪಟೂರು ಕಡೆಯ ಒಂದು ತೆಂಗಿನ ತೋಟದ ಮನೆ. ಅಡುಗೆಮನೆ ಬಾಗಿಲ ಪಕ್ಕದ ಮೊಳೆಯಲ್ಲಿ ಕ್ಯಾಲೆಂಡರ್ ತೂಗುತ್ತಿದೆ. ಹಾಲು ಬಾರದ ದಿನಕ್ಕೆ ಒಂದು ಗೀಟು, ಗ್ಯಾಸ್ ಸಿಲಿಂಡರ್ ಹಚ್ಚಿದ ದಿನಕ್ಕೆ ಒಂದು ಸೊನ್ನೆ, ಏಕಾದಶಿಗೆ ಅಚ್ಚಾದ ಗುರುತು ಮೊದಲೇ ಇದೆ. ಇವುಗಳ ನಡುವೆ ಮನೆಯ ಯಜಮಾನಿ ಕೆಂಪು ಪೆನ್ನಿನಲ್ಲಿ ಹಾಕುವ ಸಣ್ಣ ಕಾಟಿನ ಗುರುತು ಮಗನ ಫಿಟ್ಸಿನ ಲೆಕ್ಕ. ಹದಿನಾಲ್ಕು ವರ್ಷದಿಂದ ಆಕೆ ಈ ಲೆಕ್ಕ ಬರೆಯುತ್ತಿದ್ದಾರೆ. ಆದರೆ ಮಗನ ಮನಸ್ಸಿನ ಲೆಕ್ಕ ಬರೆಯಲು ಯಾರೂ ಹೇಳಿರಲಿಲ್ಲ.

ಮಗನನ್ನು ಸತೀಶ ಎಂದು ಕರೆಯೋಣ. ಈ ಮನೆ ಯಾರೊಬ್ಬರದೂ ಅಲ್ಲ. ನರರೋಗ ವಿಭಾಗದ ಹೊರರೋಗಿಗಳ ಸಾಲಿನಲ್ಲಿ ಮತ್ತೆ ಮತ್ತೆ ಕಾಣುವ ಹಲವು ಕತೆಗಳನ್ನು ಸೇರಿಸಿ ಕಟ್ಟಿದ ಕತೆ ಇದು. ಆದರೆ ಇದರೊಳಗೆ ನಡೆಯುವ ಒಂದೊಂದು ಸಂಗತಿಯೂ ಮೂರ್ಛೆ ರೋಗ ಇರುವ ಮನೆಗಳಲ್ಲಿ ನಡೆಯುವಂಥದ್ದೇ.

ಸತೀಶನಿಗೆ 27 ವರ್ಷ. ಎರಡು ವರ್ಷದ ಮಗುವಾಗಿದ್ದಾಗ ಜ್ವರ ಏರಿ ಅರ್ಧ ಗಂಟೆಗೂ ಹೆಚ್ಚು ಹೊತ್ತು ಫಿಟ್ಸ್ ಬಂದಿತ್ತು. ಆಮೇಲೆ ಏನೂ ಇರಲಿಲ್ಲ. ಹದಿಮೂರನೆಯ ವಯಸ್ಸಿಗೆ ಬೇರೆ ರೂಪದಲ್ಲಿ ಶುರುವಾಯಿತು. ಹೊಟ್ಟೆಯಿಂದ ಏನೋ ಮೇಲಕ್ಕೆ ಎದ್ದು ಬಂದಂತಾಗುತ್ತದೆ, ಕಣ್ಣು ಒಂದೇ ಕಡೆ ನೆಡುತ್ತದೆ, ಬಾಯಿ ಚಪ್ಪರಿಸುತ್ತಾನೆ, ಅಂಗಿಯ ಗುಂಡಿಯನ್ನು ಸುಮ್ಮನೆ ತಡಕುತ್ತಾನೆ. ಒಂದೂವರೆ ನಿಮಿಷ ಕಳೆದರೆ ಮುಗಿಯಿತು. ಅಪರೂಪಕ್ಕೆ ಅದು ಇಡೀ ಮೈಗೆ ಹರಡಿ ಬಿದ್ದು ಒದ್ದಾಡುವುದೂ ಉಂಟು. ತಿಂಗಳಿಗೆ ಎರಡು ಮೂರು ಸಲ. ಕಿವಿಯ ಮೇಲ್ಭಾಗದ ಒಳಗೆ, ಮಿದುಳಿನ ಕಪೋಲ ಭಾಗದಲ್ಲಿ ಹುಟ್ಟುವ ಫಿಟ್ಸ್ ಇದು. ಎಂಆರ್‌ಐ ಚಿತ್ರದಲ್ಲಿ ಬಲಗಡೆಯ ಹಿಪ್ಪೊಕ್ಯಾಂಪಸ್ ಎಂಬ ಭಾಗ ಸುಕ್ಕುಗಟ್ಟಿ ಚಿಕ್ಕದಾಗಿತ್ತು. ಕಾರ್ಬಮಜೆಪಿನ್ ಮಾತ್ರೆ ವರ್ಷಗಳಿಂದ ನಡೆಯುತ್ತಿತ್ತು, ಅದು ಫಿಟ್ಸನ್ನು ಕಡಿಮೆ ಮಾಡಿತ್ತೇ ಹೊರತು ನಿಲ್ಲಿಸಿರಲಿಲ್ಲ.

ಸಂಕ್ರಾಂತಿ ಮುಗಿದ ಮೇಲೆ, ಜನವರಿ 16ರಂದು, ವೈದ್ಯರು ಲೆವೆಟಿರಾಸಿಟಮ್ ಎಂಬ ಎರಡನೆಯ ಮಾತ್ರೆ ಸೇರಿಸಿದರು. ಬೆಳಿಗ್ಗೆ 500, ರಾತ್ರಿ 500 ಮಿಲಿಗ್ರಾಂ. ಎರಡು ವಾರ ಕಳೆದು ಜನವರಿ 30ಕ್ಕೆ ಅದು ದುಪ್ಪಟ್ಟಾಯಿತು. ಜನವರಿ 24ರ ಕೆಂಪು ಕಾಟೇ ಕೊನೆಯದು. ಫೆಬ್ರವರಿಯ ಹಾಳೆ ಪೂರ್ತಿ ಖಾಲಿ. ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ.

ಆದರೆ ಮನೆಯಲ್ಲಿ ಯಾರೂ ಸಂತೋಷವಾಗಿರಲಿಲ್ಲ. ಫೆಬ್ರವರಿ ಎರಡನೆಯ ವಾರದಿಂದ ಸತೀಶ ಮುಟ್ಟಿದರೆ ಮುನಿಯುವಂತಾಗಿದ್ದ. ಸಾರು ತಣ್ಣಗಿದೆ ಎಂದು ತಟ್ಟೆ ಎಸೆದ. ಕೊಬ್ಬರಿ ಮಂಡಿಯಲ್ಲಿ ತೂಕದ ವಿಷಯಕ್ಕೆ ಜಗಳವಾಡಿದ. ಮಾರ್ಚ್ ಮೊದಲ ವಾರ, ಕಾಯಿ ಸುಲಿಯುವಾಗ ಏನೋ ಮಾತಿಗೆ ತಮ್ಮನ ಮೇಲೆ ಕೈ ಮಾಡಿದ. ಹುಟ್ಟಿದಾಗಿನಿಂದ ಮೆತ್ತಗಿನ ಹುಡುಗ. “ಫಿಟ್ಸೇನೋ ನಿಂತೋಯ್ತು ಸಾರ್. ಆದ್ರೆ ಇವನು ನಮ್ಮ ಹುಡುಗನೇ ಅಲ್ಲ ಅನ್ನಿಸ್ತದೆ” ಎಂದು ತಾಯಿ ಆಮೇಲೆ ವೈದ್ಯರಿಗೆ ಹೇಳಿದರು. ಹೇಳುವ ಮೊದಲೇ ಮನೆಯವರು ಒಂದು ತೀರ್ಮಾನ ಮಾಡಿಬಿಟ್ಟಿದ್ದರು. ಮಾರ್ಚ್ 10ರಂದು ಹೊಸ ಮಾತ್ರೆಯನ್ನು ಒಂದೇ ಏಟಿಗೆ ನಿಲ್ಲಿಸಿದರು.

ನಾಲ್ಕೇ ದಿನ. ಮಾರ್ಚ್ 14ರಂದು ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಒಂದು, ಮೂರೂ ಬಿದ್ದು ಒದ್ದಾಡುವ ದೊಡ್ಡ ಫಿಟ್ಸ್. 15 ಮತ್ತು 16ರಂದು ಸುಸ್ತಾಗಿದ್ದರೂ ಚೆನ್ನಾಗಿದ್ದ. ತೋಟಕ್ಕೂ ಹೋಗಿ ಬಂದ. ಗಂಡಾಂತರ ಕಳೆಯಿತು ಎಂದುಕೊಂಡರು. 16ರ ರಾತ್ರಿ ಅವನಿಗೆ ನಿದ್ದೆ ಹತ್ತಲಿಲ್ಲ. 17ರ ಸಂಜೆ ಮಾತು ಬೇರೆಯಾಯಿತು. ತನ್ನ ಮೇಲೆ ದೇವರು ಇಳಿದಿದೆ, ಊರನ್ನು ಕಾಯಲು ತನ್ನನ್ನು ಕಳಿಸಿದೆ, ಪಕ್ಕದ ತೋಟದವರು ಬಾವಿಗೆ ವಿಷ ಹಾಕುತ್ತಿದ್ದಾರೆ ಎಂದು ಹೇಳತೊಡಗಿದ. ಯಾರೂ ಕಾಣದ ಕಡೆ ತಿರುಗಿ ಉತ್ತರ ಕೊಡುತ್ತಿದ್ದ. ಮೂರು ದಿನ ಗುಡಿ, ತಾಯತ, ನಿಂಬೆಹಣ್ಣು ಎಂದು ಓಡಾಡಿ, 20ರಂದು ಆಸ್ಪತ್ರೆಗೆ ಕರೆತಂದರು. ಬರುವಾಗ ತಾಯಿ ಕ್ಯಾಲೆಂಡರನ್ನೂ ಮೊಳೆಯಿಂದ ತೆಗೆದು ಚೀಲಕ್ಕೆ ಹಾಕಿಕೊಂಡಿದ್ದರು.

ಒಂದೇ ಹುಡುಗ, ಎರಡೇ ತಿಂಗಳು. ಅಷ್ಟರಲ್ಲಿ ಅವನ ಮನಸ್ಸು ಎರಡು ಸಲ ಕೆಟ್ಟಿದೆ. ಮನೆಯವರಿಗೆ ಎರಡೂ ಒಂದೇ: ‘ತಲೆ ಕೆಟ್ಟಿತು’. ವೈದ್ಯರಿಗೆ ಅವು ಎರಡು ಬೇರೆ ಕಾಯಿಲೆಗಳು. ಎರಡಕ್ಕೂ ಮದ್ದು ಬೇರೆ, ಮುಂದಿನ ದಾರಿ ಬೇರೆ. ಯಾವುದು ಯಾವುದೆಂದು ಹೇಳುವ ಮೊದಲ ಸಾಕ್ಷಿ ಸ್ಕ್ಯಾನಿಂಗ್ ಅಲ್ಲ, ರಕ್ತ ಪರೀಕ್ಷೆಯೂ ಅಲ್ಲ. ಆ ಕ್ಯಾಲೆಂಡರು.

ಮೂರು ತಾರೀಖು

ಮೂರ್ಛೆ ರೋಗ ಇದ್ದವರ ಮನಸ್ಸು ಕೆಟ್ಟಾಗ ಕೇಳಬೇಕಾದ ಪ್ರಶ್ನೆಗಳು ಮೂರೇ. ಕೊನೆಯ ಫಿಟ್ಸ್ ಯಾವತ್ತು ಬಂತು? ಮಾತ್ರೆ ಯಾವತ್ತು ಬದಲಾಯಿತು? ಮನಸ್ಸು ಯಾವತ್ತು ಬದಲಾಯಿತು? ಈ ಮೂರು ತಾರೀಖುಗಳ ನಡುವಿನ ಅಂತರವೇ ಅರ್ಧ ರೋಗನಿರ್ಣಯ.

ಸತೀಶನ ಮೊದಲ ಬದಲಾವಣೆಯನ್ನು ನೋಡಿ. ಫಿಟ್ಸ್ ಇಲ್ಲದ ತಿಂಗಳಲ್ಲಿ, ಮಾತ್ರೆ ದುಪ್ಪಟ್ಟಾದ ಹತ್ತು ದಿನದೊಳಗೆ ಸಿಡುಕು ಶುರು. ಬೆರಳು ಮಾತ್ರೆಯ ಕಡೆ ತೋರಿಸುತ್ತದೆ. ಲೆವೆಟಿರಾಸಿಟಮ್ ಅಮೆರಿಕದಲ್ಲಿ 1999ರಲ್ಲಿ ಬಳಕೆಗೆ ಬಂದ ಔಷಧ. ಇಂದು ನಮ್ಮಲ್ಲಿಯೂ ವೈದ್ಯರು ಧಾರಾಳವಾಗಿ ಬರೆಯುವ ಮಾತ್ರೆ. ಅದಕ್ಕೆ ಕಾರಣವಿದೆ. ಬೇಗ ಕೆಲಸ ಮಾಡುತ್ತದೆ, ಬೇರೆ ಮಾತ್ರೆಗಳ ಜೊತೆ ಜಗಳವಾಡುವುದು ಕಡಿಮೆ, ಲಿವರಿಗೆ ಹೊರೆಯಿಲ್ಲ. ಅದರ ಒಂದು ಕುಂದು ಮನಸ್ಸಿನದು. ಬಿಡುಗಡೆಗೆ ಮುನ್ನ ನಡೆದ ಪ್ರಯೋಗಗಳಲ್ಲಿ ಈ ಮಾತ್ರೆ ತೆಗೆದುಕೊಂಡ ದೊಡ್ಡವರಲ್ಲಿ ನೂರಕ್ಕೆ 13 ಮಂದಿಗೆ ಸಿಡುಕು, ಕೋಪ, ಕಳವಳ, ಮಂಕು ಇಂಥ ಬದಲಾವಣೆ ಕಂಡಿತ್ತು. ಮದ್ದಿಲ್ಲದ ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ ಅದು ನೂರಕ್ಕೆ 6. ಮಕ್ಕಳಲ್ಲಿ ಇನ್ನೂ ಹೆಚ್ಚು: ನೂರಕ್ಕೆ 38, ಹುಸಿ ಮಾತ್ರೆಯಲ್ಲಿ 19.

ಈ ಅಂಕಿಯನ್ನು ಎರಡು ಕಡೆಯಿಂದಲೂ ಓದಬೇಕು. ಹತ್ತರಲ್ಲಿ ಎಂಟು ಒಂಬತ್ತು ಜನ ದೊಡ್ಡವರಿಗೆ ಏನೂ ಆಗುವುದಿಲ್ಲ. ಅವರಿಗೆ ಅದು ಒಳ್ಳೆಯ ಮಾತ್ರೆಯೇ. ಇನ್ನು, ಸಿಡುಕು ಬಂದವರಲ್ಲೂ ಒಂದು ಪಾಲು ಹುಸಿ ಮಾತ್ರೆಯಲ್ಲೂ ಬರುವಂಥದ್ದು, ಅಂದರೆ ಬದುಕಿನದು, ರೋಗದ್ದು. ಉಳಿದ ಪಾಲು ಮಾತ್ರೆಯದು. ಮೊದಲೇ ಖಿನ್ನತೆ ಅಥವಾ ಬೇರೆ ಮಾನಸಿಕ ತೊಂದರೆ ಅನುಭವಿಸಿದವರಿಗೆ ಈ ಅಪಾಯ ಹೆಚ್ಚು. ಹೆಚ್ಚಾಗಿ ಮೊದಲ ಕೆಲವು ವಾರಗಳಲ್ಲಿ, ಅಥವಾ ಪ್ರಮಾಣ ಏರಿಸಿದ ಬೆನ್ನಿಗೇ ಇದು ತಲೆದೋರುತ್ತದೆ.

ಮಾತ್ರೆಯ ಸಿಡುಕಿಗೆ ಒಂದು ಗುಣವಿದೆ, ಅದನ್ನು ಮನೆಯವರು ಚೆನ್ನಾಗಿ ಗುರುತಿಸುತ್ತಾರೆ. ಕಾರಣಕ್ಕೂ ಕೋಪಕ್ಕೂ ತಾಳೆಯಾಗುವುದಿಲ್ಲ. ಕೋಪ ಇಳಿದ ಮೇಲೆ ಅವನೇ ಕೂತು ಅಳುತ್ತಾನೆ, ‘ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ’ ಎನ್ನುತ್ತಾನೆ. ಸತೀಶನೂ ತಮ್ಮನ ಕೈ ಹಿಡಿದು ಹಾಗೆಯೇ ಅತ್ತಿದ್ದ. ಆ ಹೊತ್ತಿಗೆ ಫೋನು ಮಾಡಿ ಹೇಳಿದ್ದರೆ ವೈದ್ಯರ ಕೈಯಲ್ಲಿ ದಾರಿಗಳಿದ್ದವು. ಪ್ರಮಾಣ ಇಳಿಸಿ ನೋಡಬಹುದು. ಅದರ ಸೋದರ ಔಷಧವಾದ ಬ್ರಿವರಾಸಿಟಮ್‌ಗೆ ಬದಲಿಸಬಹುದು. ಹಾಗೆ ಬದಲಿಸಿದಾಗ ಹಲವರಲ್ಲಿ ಸಿಡುಕು ತಗ್ಗುತ್ತದೆ. ಬಿ6 ಜೀವಸತ್ವ ಕೊಟ್ಟು ನೋಡುವ ವೈದ್ಯರೂ ಇದ್ದಾರೆ, ಅದಕ್ಕೆ ಆಧಾರ ತೆಳುವಾದರೂ. ಇಲ್ಲವಾದರೆ ಬೇರೆ ಮಾತ್ರೆಯನ್ನು ಏರಿಸುತ್ತ ಇದನ್ನು ವಾರವಾರ ಇಳಿಸುತ್ತ ಹೋಗಬಹುದು. ಮಾಡಬಾರದ್ದು ಒಂದೇ, ಮನೆಯವರು ಮಾಡಿದ್ದು. ಫಿಟ್ಸಿನ ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ಅಣೆಕಟ್ಟಿನ ಬಾಗಿಲು ಕಿತ್ತಂತೆ.

ಎರಡು ದಿನದ ಮೋಸ

ಈಗ ಎರಡನೆಯ ಬದಲಾವಣೆ. ಒಂದೇ ದಿನ ಮೂರು ದೊಡ್ಡ ಫಿಟ್ಸ್, ಆಮೇಲೆ ಎರಡು ದಿನ ನೆಮ್ಮದಿ, ಆಮೇಲೆ ನಿದ್ದೆಗೇಡು, ಆಮೇಲೆ ಭ್ರಮೆ. ಇದಕ್ಕೆ ಫಿಟ್ಸಿನ ನಂತರದ ಚಿತ್ತವಿಕಾರ ಎಂದು ಹೆಸರು. 1988ರಲ್ಲಿ ಲಾಗ್ಸ್‌ಡೇಲ್ ಮತ್ತು ಟೂನ್ ಎಂಬ ವೈದ್ಯರು ಇದನ್ನು ಗುರುತಿಸುವ ನಿಯಮಗಳನ್ನು ಬರೆದರು. ಅದರ ತಿರುಳು ಇಷ್ಟು: ಫಿಟ್ಸ್, ಸಾಮಾನ್ಯವಾಗಿ ಸಾಲುಸಾಲಾಗಿ ಬಂದ ಫಿಟ್ಸ್, ಮುಗಿದು ಮನಸ್ಸು ತಿಳಿಯಾದ ಮೇಲೆ, ಒಂದು ವಾರದೊಳಗೆ ಚಿತ್ತ ಕೆಡುತ್ತದೆ.

ನಡುವಿನ ಆ ತಿಳಿಯಾದ ಅವಧಿಯೇ ಎಲ್ಲರನ್ನೂ ದಾರಿ ತಪ್ಪಿಸುವುದು. ಅದು ಸಾಮಾನ್ಯವಾಗಿ ಒಂದರಿಂದ ಮೂರು ದಿನ. ಫಿಟ್ಸ್ ಆದ ಅರ್ಧ ಗಂಟೆ ಯಾರೇ ಆದರೂ ಗೊಂದಲದಲ್ಲಿರುತ್ತಾರೆ, ಅದು ಎಲ್ಲ ಮನೆಯವರಿಗೂ ಗೊತ್ತು. ಇದು ಅದಲ್ಲ. ಇಲ್ಲಿ ಮನುಷ್ಯ ಪೂರಾ ಸರಿಯಾಗಿದ್ದಾನೆ. ಊಟ ಮಾಡಿದ್ದಾನೆ, ತೋಟಕ್ಕೆ ಹೋಗಿದ್ದಾನೆ. ಹಾಗಾಗಿ ಮೂರನೆಯ ದಿನ ಅವನು ದೇವರ ಮಾತಾಡಿದರೆ ಅದಕ್ಕೂ ಮೊನ್ನೆಯ ಫಿಟ್ಸಿಗೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯುವುದಿಲ್ಲ. ಭ್ರಮೆಯ ವಸ್ತುವೂ ಹಾಗೆಯೇ ಇರುತ್ತದೆ. ದೇವರು, ತಾನೇ ದೊಡ್ಡವನೆಂಬ ಭಾವ, ಇಲ್ಲವೇ ಯಾರೋ ಕೊಲ್ಲಲು ಬರುತ್ತಿದ್ದಾರೆಂಬ ಭಯ. ನಮ್ಮ ಊರುಗಳಲ್ಲಿ ‘ಮೈಮೇಲೆ ಬರುವುದು’ ಎಂಬ ಮಾತು ಮೊದಲೇ ಸಿದ್ಧವಾಗಿರುವುದರಿಂದ ದಾರಿ ನೇರವಾಗಿ ಗುಡಿಗೆ ಹೋಗುತ್ತದೆ. ಗುಡಿಗೆ ಹೋದದ್ದು ತಪ್ಪಲ್ಲ. ಮೂರು ದಿನ ಕಳೆದದ್ದು ಕಷ್ಟ. ಈ ದಿನಗಳಲ್ಲಿ ಭಯಕ್ಕೋ ಕೋಪಕ್ಕೋ ಸಿಕ್ಕಿ ಬೇರೆಯವರ ಮೇಲೆ ಎರಗುವುದು, ಬಾವಿಗೆ ಹಾರುವುದು, ಮನೆ ಬಿಟ್ಟು ಓಡುವುದು ನಿಜವಾದ ಅಪಾಯಗಳು.

ಇದರ ಮುನ್ಸೂಚನೆ ನಿದ್ದೆಗೇಡು. ಸಾಲು ಫಿಟ್ಸ್ ಬಂದ ವಾರದಲ್ಲಿ ಒಂದು ರಾತ್ರಿ ಪೂರ್ತಿ ನಿದ್ದೆ ಹತ್ತದಿದ್ದರೆ ಅದನ್ನು ‘ಏನೋ ಯೋಚನೆ’ ಎಂದು ಬಿಡಬಾರದು. ಒಮ್ಮೆ ಹೀಗಾದವರಿಗೆ ಮತ್ತೊಮ್ಮೆ ಆಗುವ ಸಾಧ್ಯತೆ ಇದ್ದೇ ಇರುವುದರಿಂದ, ಮುಂದಿನ ಸಲ ಸಾಲು ಫಿಟ್ಸ್ ಬಂದಾಗ ಯಾವ ಮಾತ್ರೆ, ಎಷ್ಟು ದಿನ ಎಂದು ವೈದ್ಯರು ಮೊದಲೇ ಚೀಟಿ ಬರೆದು ಕೊಡುತ್ತಾರೆ. ಸಮಾಧಾನದ ಸಂಗತಿಯೆಂದರೆ ಇದು ನಿಲ್ಲುವ ಕಾಯಿಲೆ. ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ. ಚಿತ್ತವಿಕಾರದ ಮಾತ್ರೆ ಸಣ್ಣ ಪ್ರಮಾಣದಲ್ಲಿ, ಸ್ವಲ್ಪ ಕಾಲ ಸಾಕಾಗುತ್ತದೆ. ಜೀವನವಿಡೀ ನುಂಗಬೇಕಿಲ್ಲ.

ಫಿಟ್ಸಿಗೆ ಅಂಟದ ಭ್ರಮೆ

ಮೂರನೆಯ ಒಂದು ಬಗೆಯಿದೆ. ಸತೀಶನಿಗೆ ಅದು ಇರಲಿಲ್ಲ, ಆದರೆ ವೈದ್ಯರು ಅದನ್ನು ತಳ್ಳಿಹಾಕಲೇಬೇಕಿತ್ತು. ಫಿಟ್ಸುಗಳ ನಡುವಿನ ಕಾಲದಲ್ಲಿ, ಯಾವ ಫಿಟ್ಸಿಗೂ ಅಂಟಿಕೊಳ್ಳದೆ, ಎಚ್ಚರ ಪೂರ್ತಿ ಇರುವಾಗಲೇ ಬಂದು ತಿಂಗಳುಗಟ್ಟಲೆ ನಿಲ್ಲುವ ಚಿತ್ತವಿಕಾರ ಅದು. ಕ್ಯಾಲೆಂಡರಿನಲ್ಲಿ ಅದಕ್ಕೂ ಕೆಂಪು ಕಾಟುಗಳಿಗೂ ಯಾವ ತಾಳೆಯೂ ಕಾಣುವುದಿಲ್ಲ. ಫಿಟ್ಸ್ ಬಂದ ವಾರವೂ ಧ್ವನಿ ಕೇಳುತ್ತದೆ, ಬಾರದ ತಿಂಗಳೂ ಕೇಳುತ್ತದೆ.

ಇದನ್ನು ಮೊದಲ ಬಾರಿಗೆ ಕೂಲಂಕಷವಾಗಿ ನೋಡಿದ್ದು ಲಂಡನ್ನಿನಲ್ಲಿ. ಎಲಿಯಟ್ ಸ್ಲೇಟರ್ ಮತ್ತು ಸಂಗಡಿಗರು 1963ರಲ್ಲಿ ಇಂಥ 69 ರೋಗಿಗಳ ವಿವರ ಪ್ರಕಟಿಸಿದರು. ಅವರು ಕಂಡ ಎರಡು ಸಂಗತಿಗಳು ಇಂದಿಗೂ ಉಪಯೋಗಕ್ಕೆ ಬರುತ್ತವೆ. ಒಂದು, ಮೂರ್ಛೆ ರೋಗ ಶುರುವಾಗಿ ಸರಾಸರಿ 14 ವರ್ಷದ ಮೇಲೆ ಈ ಚಿತ್ತವಿಕಾರ ತಲೆದೋರುತ್ತದೆ. ಇನ್ನೊಂದು, ನೋಡಲು ಸ್ಕಿಜೋಫ್ರೇನಿಯಾದಂತೆಯೇ ಇದ್ದರೂ ಇವರಲ್ಲಿ ಭಾವನೆ ಬತ್ತಿರುವುದಿಲ್ಲ. ಮನೆಯವರ ಜೊತೆ ಬೆಸುಗೆ ಉಳಿದಿರುತ್ತದೆ, ಮಾತಿಗೆ ನಗುತ್ತಾರೆ, ಮಗು ಬಂದರೆ ಎತ್ತಿಕೊಳ್ಳುತ್ತಾರೆ. ಮೂರ್ಛೆ ರೋಗ ಇರುವ ನೂರು ಜನರಲ್ಲಿ ಐದಾರು ಮಂದಿಗೆ ಬದುಕಿನ ಯಾವುದಾದರೂ ಘಟ್ಟದಲ್ಲಿ ಒಂದಲ್ಲ ಒಂದು ಬಗೆಯ ಚಿತ್ತವಿಕಾರ ಬರುತ್ತದೆ ಎಂಬುದು ಈಗಿನ ಅಂದಾಜು. ಕಪೋಲ ಭಾಗದ ಫಿಟ್ಸಿನಲ್ಲಿ ಸ್ವಲ್ಪ ಹೆಚ್ಚು.

ಈ ಬಗೆಗೆ ಚಿಕಿತ್ಸೆ ದೀರ್ಘ. ಚಿತ್ತವಿಕಾರದ ಮಾತ್ರೆ ಕೊಟ್ಟರೆ ಫಿಟ್ಸ್ ಹೆಚ್ಚಾಗುತ್ತದೆ ಎಂಬ ಹೆದರಿಕೆಯಿಂದ ಎಷ್ಟೋ ಕಡೆ ಕೊಡುವುದೇ ಇಲ್ಲ. ಆ ಹೆದರಿಕೆ ಕೆಲವು ಔಷಧಗಳಿಗೆ ಮಾತ್ರ ಸಲ್ಲುತ್ತದೆ. ಕ್ಲೋಜಪಿನ್ ಮತ್ತು ಹಳೆಯ ಕ್ಲೋರ್‌ಪ್ರೊಮಜಿನ್ ಫಿಟ್ಸನ್ನು ಕೆರಳಿಸಬಲ್ಲವು. ರಿಸ್ಪೆರಿಡೋನ್‌ನಂಥವು ಸಣ್ಣ ಪ್ರಮಾಣದಲ್ಲಿ ಸಾಕಷ್ಟು ಸುರಕ್ಷಿತ. ತಪ್ಪುವುದು ಇನ್ನೊಂದು ಕಡೆ. ಕಾರ್ಬಮಜೆಪಿನ್, ಫೆನಿಟಾಯಿನ್ ಮಾತ್ರೆಗಳು ಲಿವರನ್ನು ಚುರುಕುಗೊಳಿಸಿ ರಿಸ್ಪೆರಿಡೋನನ್ನು ಬೇಗ ಕರಗಿಸಿಬಿಡುತ್ತವೆ. ಚೀಟಿಯಲ್ಲಿ ಬರೆದ ಪ್ರಮಾಣ ಒಂದು, ರಕ್ತಕ್ಕೆ ಸಿಗುವುದು ಇನ್ನೊಂದು. ನರರೋಗ ತಜ್ಞರ ಚೀಟಿ ಮನೋವೈದ್ಯರಿಗೆ, ಮನೋವೈದ್ಯರ ಚೀಟಿ ನರರೋಗ ತಜ್ಞರಿಗೆ ಕಾಣದೆ ಹೋದರೆ ಮಾತ್ರೆ ಕೆಲಸ ಮಾಡಲಿಲ್ಲ ಎಂಬ ತಪ್ಪು ತೀರ್ಮಾನ ಹುಟ್ಟುವುದು ಹೀಗೆ.

ಜೂರಿಕ್‌ನ ಒಗಟು

ಸತೀಶನ ಮೊದಲ ಬದಲಾವಣೆಯನ್ನು ಮಾತ್ರೆಯ ಮೇಲೆ ಹೊರಿಸಿದೆವು. ಅದು ಪೂರ್ತಿ ಸರಿಯೇ? ಇಲ್ಲಿ ಒಂದು ತೊಡಕಿದೆ.

1953ರಲ್ಲಿ ಸ್ವಿಟ್ಜರ್ಲೆಂಡಿನ ಹೈನ್‌ರಿಶ್ ಲ್ಯಾಂಡೋಲ್ಟ್ ಒಂದು ವಿಚಿತ್ರವನ್ನು ಬರೆದಿಟ್ಟರು. ಅವರು ಜೂರಿಕ್‌ನ ಮೂರ್ಛೆ ರೋಗ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದವರು. ಕೆಲವು ರೋಗಿಗಳ ಇಇಜಿ, ಅಂದರೆ ತಲೆಗೆ ತಂತಿ ಅಂಟಿಸಿ ತೆಗೆಯುವ ಮಿದುಳಿನ ವಿದ್ಯುತ್ ಚಿತ್ರ, ಯಾವಾಗಲೂ ಏರುಪೇರಾಗಿರುತ್ತಿತ್ತು. ಅವರ ಚಿತ್ತ ಕೆಟ್ಟ ದಿನಗಳಲ್ಲೇ ಆ ಚಿತ್ರ ನೇರ್ಪಾಗಿಬಿಡುತ್ತಿತ್ತು. ಚಿತ್ತ ಸರಿಹೋದಾಗ ಇಇಜಿ ಮತ್ತೆ ಕೆಡುತ್ತಿತ್ತು. ಫಿಟ್ಸನ್ನು ಬಲವಂತವಾಗಿ ಅದುಮಿದರೆ ಮನಸ್ಸು ಕೆಡುತ್ತದೆಯೇ ಎಂಬ ಪ್ರಶ್ನೆ ಅಲ್ಲಿಂದ ಶುರು. ತಕ್ಕಡಿಯ ಒಂದು ತಟ್ಟೆ ಇಳಿದರೆ ಇನ್ನೊಂದು ಏಳುವಂತೆ.

ಇದು ಅಪರೂಪ, ಆದರೆ ಇದೆ. ಇದರ ಒಳಗುಟ್ಟು ಇನ್ನೂ ಬಿಡಿಸಿಲ್ಲ. ಮಾತ್ರೆ ನೇರವಾಗಿ ಮನಸ್ಸನ್ನು ಕೆರಳಿಸಿತೇ, ಇಲ್ಲವೇ ಫಿಟ್ಸ್ ನಿಂತದ್ದೇ ಕಾರಣವೇ ಎಂದು ಬಿಡಿಸಿ ಹೇಳಲು ಮನಸ್ಸು ಕೆಟ್ಟ ದಿನಗಳಲ್ಲೇ ತೆಗೆದ ಇಇಜಿ ಬೇಕು. ಅದನ್ನು ಹಿಂದಿನ ಇಇಜಿಯ ಪಕ್ಕದಲ್ಲಿಟ್ಟು ನೋಡಬೇಕು. ಸತೀಶನ ಮನೆಯವರು ಫೆಬ್ರವರಿಯಲ್ಲಿ ಬರಲೇ ಇಲ್ಲ, ಹಾಗಾಗಿ ಆ ಚಿತ್ರ ಯಾರ ಬಳಿಯೂ ಇಲ್ಲ. ವೈದ್ಯರು ಕಡತದಲ್ಲಿ ‘ಮಾತ್ರೆಯಿಂದಾದ ಸಿಡುಕು, ಬಹುಶಃ’ ಎಂದು ಬರೆದರು. ಆ ‘ಬಹುಶಃ’ ಅಲ್ಲಿರಬೇಕಾದದ್ದೇ.

ಯಾರೂ ಕೇಳದ ಪ್ರಶ್ನೆ

ಭ್ರಮೆ ಕಣ್ಣಿಗೆ ಹೊಡೆಯುತ್ತದೆ, ಆದ್ದರಿಂದ ಆಸ್ಪತ್ರೆ ಕಾಣುತ್ತದೆ. ಮೂರ್ಛೆ ರೋಗದ ಜೊತೆ ಅದಕ್ಕಿಂತ ಬಹಳ ಹೆಚ್ಚು ಜನರಿಗೆ ಬರುವ ಖಿನ್ನತೆ ಸದ್ದಿಲ್ಲದೆ ಕೂರುತ್ತದೆ. ನಾಲ್ಕೈದು ರೋಗಿಗಳಲ್ಲಿ ಒಬ್ಬರಿಗೆ ಅದು ಇರುತ್ತದೆ. ನಿಮ್ಹಾನ್ಸ್ ವೈದ್ಯರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆ 2004ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಸಾವಿರ ಜನರಲ್ಲಿ ಸುಮಾರು 9 ಮಂದಿಗೆ ಮೂರ್ಛೆ ರೋಗವಿದೆ. ಹಳ್ಳಿಗಳಲ್ಲಿ 12, ನಗರದಲ್ಲಿ 6. ಐದು ಸಾವಿರ ಜನರ ಒಂದು ಹೋಬಳಿ ಊರಿನಲ್ಲಿ ಹಾಗಾದರೆ ಅರವತ್ತು ಮಂದಿ, ಅವರಲ್ಲಿ ಹದಿಮೂರು ಹದಿನಾಲ್ಕು ಜನ ಖಿನ್ನತೆಯನ್ನೂ ಹೊತ್ತು ತಿರುಗುತ್ತಿದ್ದಾರೆ.

‘ಇಂಥ ಕಾಯಿಲೆ ಇದ್ದ ಮೇಲೆ ಬೇಜಾರಿರುವುದಿಲ್ಲವೇ’ ಎಂದು ಯಾರಿಗಾದರೂ ಅನ್ನಿಸುತ್ತದೆ. ಅದು ಅರ್ಧ ನಿಜ. ಫಿಟ್ಸ್ ಹುಟ್ಟುವ ಹಿಪ್ಪೊಕ್ಯಾಂಪಸ್ಸಿನ ಮಗ್ಗುಲಲ್ಲೇ ಭಯ, ದುಃಖಗಳನ್ನು ನೋಡಿಕೊಳ್ಳುವ ಭಾಗವಿದೆ. ಒಂದು ಮನೆಗೆ ಬೆಂಕಿ ಬಿದ್ದರೆ ಹಂಚಿನ ಸಾಲಿನ ಪಕ್ಕದ ಮನೆಗೂ ತಾಗುತ್ತದೆ. ಇದಕ್ಕೆ ಗಟ್ಟಿ ಸಾಕ್ಷಿಯೂ ಇದೆ. ಖಿನ್ನತೆ ಮೊದಲು ಬಂದು ಫಿಟ್ಸ್ ಆಮೇಲೆ ಶುರುವಾಗುವುದೂ ಲೆಕ್ಕಕ್ಕಿಂತ ಹೆಚ್ಚು ಜನರಲ್ಲಿ ಕಂಡಿದೆ. ಬರದ ಕಾಯಿಲೆಗಾಗಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲವಲ್ಲ.

ಮಾತ್ರೆಗಳೂ ಇಲ್ಲಿ ಪಾಲುದಾರರು. ಹಳೆಯ ಫಿನೊಬಾರ್ಬಿಟೋನ್ ಇಂದಿಗೂ ಸರ್ಕಾರಿ ಆಸ್ಪತ್ರೆಗಳಲ್ಲಿ ಅತಿ ಅಗ್ಗದ ಫಿಟ್ಸ್ ಮಾತ್ರೆ. ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ಡಾ. ಕೆ.ಎಸ್. ಮಣಿ ಅವರ ತಂಡ ಇದನ್ನೂ ಫೆನಿಟಾಯಿನನ್ನೂ ಬಳಸಿ ಹಳ್ಳಿಗರ ಫಿಟ್ಸನ್ನು ಕಡಿಮೆ ಖರ್ಚಿನಲ್ಲಿ ಹತೋಟಿಗೆ ತರಬಹುದೆಂದು ತೋರಿಸಿತು. ಅದೇ ಮಾತ್ರೆ ಕೆಲವು ದೊಡ್ಡವರನ್ನು ಮಂಕಾಗಿಸುತ್ತದೆ, ಕೆಲವು ಮಕ್ಕಳನ್ನು ಒಂದೆಡೆ ಕೂರದಂತೆ ಮಾಡುತ್ತದೆ. ಟೋಪಿರಮೇಟ್ ಮನಸ್ಸನ್ನು ಕುಗ್ಗಿಸಬಹುದು, ಪೆರಾಂಪನೆಲ್ ಕೋಪ ತರಬಹುದು. ಇನ್ನೊಂದು ಕಡೆ ಲ್ಯಾಮೊಟ್ರಿಜಿನ್, ಕಾರ್ಬಮಜೆಪಿನ್, ವಾಲ್‌ಪ್ರೊಯೇಟ್ ಮನಸ್ಸಿಗೆ ಊರುಗೋಲು. ಮನೋವೈದ್ಯರೂ ಅವನ್ನು ಬಳಸುತ್ತಾರೆ. ವಾಲ್‌ಪ್ರೊಯೇಟ್ ಮಾತ್ರ ಬಸಿರಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಬೇಡ, ಹೊಟ್ಟೆಯ ಮಗುವಿಗೆ ಅದು ಕೆಡುಕು. ಕಾರ್ಬಮಜೆಪಿನ್‌ನಂಥ ಊರುಗೋಲನ್ನು ತೆಗೆದುಹಾಕಿದಾಗ ಮನಸ್ಸು ಕುಸಿಯುವುದೂ ಉಂಟು. ಆಗ ಹೊಸ ಮಾತ್ರೆಯನ್ನು ದೂರುತ್ತೇವೆ, ತಪ್ಪು ಹಳೆಯದನ್ನು ತೆಗೆದದ್ದರಲ್ಲಿರುತ್ತದೆ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ 11 ಫಿಟ್ಸ್ ಔಷಧಗಳ ಪ್ರಯೋಗಗಳನ್ನು ಒಟ್ಟುಮಾಡಿ ನೋಡಿ ಎಚ್ಚರಿಕೆ ಕೊಟ್ಟಿತು. ಆತ್ಮಹತ್ಯೆಯ ಯೋಚನೆ ಅಥವಾ ಯತ್ನ, ಔಷಧ ಪಡೆದವರಲ್ಲಿ ಸಾವಿರಕ್ಕೆ ಸುಮಾರು 4, ಹುಸಿ ಮಾತ್ರೆಯವರಲ್ಲಿ ಸುಮಾರು 2. ಇದನ್ನು ಓದಿ ಮಾತ್ರೆ ಬಿಟ್ಟವರಿದ್ದಾರೆ. ಹತೋಟಿಯಿಲ್ಲದ ಫಿಟ್ಸು ಕೊಲ್ಲುವ ಸಾಧ್ಯತೆ ಆ ವ್ಯತ್ಯಾಸಕ್ಕಿಂತ ದೊಡ್ಡದು. ಎಚ್ಚರಿಕೆಯ ಅರ್ಥ ಮಾತ್ರೆ ಬಿಡಿ ಎಂದಲ್ಲ, ಮನಸ್ಸನ್ನು ಕೇಳಿ ಎಂದು.

ಕೇಳುವುದು ಹೇಗೆ? ಹೊರರೋಗಿಗಳ ಸಾಲಿನಲ್ಲಿ ಒಬ್ಬೊಬ್ಬರಿಗೆ ಐದಾರು ನಿಮಿಷ. ‘ಫಿಟ್ಸ್ ಎಷ್ಟು ಬಂತು, ಮಾತ್ರೆ ತಗೋತಿದ್ದೀರಾ’ ಎಂಬಲ್ಲಿಗೆ ಮುಗಿಯುತ್ತದೆ. ಇದಕ್ಕೆಂದೇ 2006ರಲ್ಲಿ ಅಮೆರಿಕದಲ್ಲಿ ಆರೇ ಪ್ರಶ್ನೆಗಳ ಒಂದು ಚೀಟಿ ತಯಾರಾಯಿತು, ಈಗ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಅದರ ಜಾಣತನ ಅದು ಬಿಟ್ಟುಬಿಟ್ಟ ಪ್ರಶ್ನೆಗಳಲ್ಲಿದೆ. ನಿದ್ದೆ, ಸುಸ್ತು, ಮರೆವು ಅದರಲ್ಲಿಲ್ಲ, ಏಕೆಂದರೆ ಅವನ್ನು ಫಿಟ್ಸ್ ಮಾತ್ರೆಗಳೇ ತರುತ್ತವೆ. ಕಳೆದ ಎರಡು ವಾರದಲ್ಲಿ ಎಲ್ಲವೂ ಹೆಣಗಾಟ ಅನ್ನಿಸಿತೇ, ಯಾವುದರಲ್ಲೂ ಖುಷಿ ಸಿಗಲಿಲ್ಲವೇ, ಸತ್ತರೆ ವಾಸಿ ಅನ್ನಿಸಿತೇ ಎಂಬಂಥ ಪ್ರಶ್ನೆಗಳು ಮಾತ್ರ. ಸಾಯುವ ಯೋಚನೆಯ ಬಗ್ಗೆ ಕೇಳಿದರೆ ಅದನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಅಳುಕು ನಮ್ಮಲ್ಲಿ ದೊಡ್ಡದು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಳಗಿದ್ದದ್ದು ಹೊರಬರುತ್ತದೆ.

ಖಿನ್ನತೆಗೆ ಮಾತ್ರೆ ಕೊಟ್ಟರೆ ಫಿಟ್ಸ್ ಬರುತ್ತದೆ ಎಂಬ ಭಯವೂ ಹಳೆಯದು. ಬ್ಯುಪ್ರೊಪಿಯಾನ್, ಕ್ಲೊಮಿಪ್ರಮಿನ್ ವಿಷಯದಲ್ಲಿ ಅದು ನಿಜ. ಸರ್ಟ್ರಲಿನ್, ಎಸಿಟಲೊಪ್ರಾಮ್‌ಗಳಂಥವು ಸಾಮಾನ್ಯ ಪ್ರಮಾಣದಲ್ಲಿ ಫಿಟ್ಸನ್ನು ಹೆಚ್ಚಿಸುವುದಿಲ್ಲ.

ಮೊಳೆಗೆ ಮರಳಿದ ಕ್ಯಾಲೆಂಡರ್

ಸತೀಶನಿಗೆ ಏನಾಯಿತು? ಆಸ್ಪತ್ರೆಗೆ ಸೇರಿದ ದಿನ ರಿಸ್ಪೆರಿಡೋನ್ ರಾತ್ರಿ 1 ಮಿಲಿಗ್ರಾಂ ಶುರುವಾಗಿ, ಕಾರ್ಬಮಜೆಪಿನ್ ಅದನ್ನು ಕರಗಿಸುವ ಲೆಕ್ಕ ಹಾಕಿ, 2ಕ್ಕೆ ಏರಿತು. ಫಿಟ್ಸಿನ ಸಾಲನ್ನು ತಡೆಯಲು, ನಿದ್ದೆ ಬರಲು ಕ್ಲೋಬಜಾಮ್. ಮೂರನೆಯ ರಾತ್ರಿ ನಿದ್ದೆ ಮಾಡಿದ. ಎಂಟನೆಯ ದಿನ ಬಾವಿಯ ವಿಷದ ಮಾತು ತಾನೇ ಬಿಟ್ಟ, ನೆನಪಿಸಿದರೆ ನಾಚಿದ. ಎರಡು ತಿಂಗಳಲ್ಲಿ ರಿಸ್ಪೆರಿಡೋನ್ ನಿಂತಿತು. ಲೆವೆಟಿರಾಸಿಟಮ್‌ಗೆ ಮರಳಲಿಲ್ಲ, ಬದಲಿಗೆ ಲ್ಯಾಮೊಟ್ರಿಜಿನ್ ಸೇರಿತು. ಅದನ್ನು ಆತುರದಲ್ಲಿ ಏರಿಸಿದರೆ ಮೈಮೇಲೆ ಅಪಾಯಕಾರಿ ಗುಳ್ಳೆ ಏಳಬಹುದು, ಆದ್ದರಿಂದ ಎರಡೆರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ. ಪೂರ್ತಿ ಪ್ರಮಾಣಕ್ಕೆ ಬರಲು ಒಂದೂವರೆ ತಿಂಗಳಿಗೂ ಹೆಚ್ಚು ಹಿಡಿಯಿತು. ಆ ನಡುವಿನ ಕಾಲಕ್ಕೆ ಕ್ಲೋಬಜಾಮ್ ಕಾವಲು. ಎರಡು ಮಾತ್ರೆಗೂ ಪೂರ್ತಿ ಬಗ್ಗದ ಫಿಟ್ಸ್ ಆದ್ದರಿಂದ, ಸುಕ್ಕುಗಟ್ಟಿದ ಆ ಭಾಗವನ್ನು ಶಸ್ತ್ರಕ್ರಿಯೆಯಿಂದ ತೆಗೆಯಬಹುದೇ ಎಂಬ ತಪಾಸಣೆಗೂ ಹೆಸರು ಬರೆಸಿದ್ದಾರೆ. ಶಸ್ತ್ರಕ್ರಿಯೆಯ ನಂತರದ ಮೊದಲ ತಿಂಗಳುಗಳಲ್ಲಿಯೂ ಮನಸ್ಸು ಕುಗ್ಗುವುದುಂಟು ಎಂದು ವೈದ್ಯರು ಈಗಲೇ ಹೇಳಿಟ್ಟಿದ್ದಾರೆ.

ಡಿಸ್ಚಾರ್ಜ್ ದಿನ ವೈದ್ಯರು ಕ್ಯಾಲೆಂಡರನ್ನು ತಾಯಿಯ ಕೈಗೆ ಕೊಟ್ಟು, “ಅಮ್ಮ, ಇದು ಇಲ್ಲದಿದ್ದರೆ ನಾನು ಇವನಿಗೆ ವರ್ಷಗಟ್ಟಲೆ ಮಾತ್ರೆ ಬರೆದುಬಿಡುತ್ತಿದ್ದೆನೋ ಏನೋ” ಎಂದರು. ಇನ್ನು ಮೇಲೆ ಎರಡು ಗುರುತು ಹೆಚ್ಚಿಗೆ ಹಾಕಿ ಎಂದರು. ಮಾತ್ರೆ ಬದಲಾದ ದಿನಕ್ಕೆ ಹಸಿರು, ಮನಸ್ಸು ಬದಲಾದ ದಿನಕ್ಕೆ ನೀಲಿ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವಾರವನ್ನೂ ಸಾಯುವ ಮಾತು ಬಂದರೆ ಯಾವ ಹೊತ್ತಿಗಾದರೂ ಕರೆ ಮಾಡಬಹುದಾದ ಟೆಲಿ ಮಾನಸ್ ಸಂಖ್ಯೆ 14416 ಅನ್ನೂ ಅಂಚಿನಲ್ಲಿ ಬರೆದುಕೊಟ್ಟರು.

ಆಗಸ್ಟ್ ಹಾಳೆಯಲ್ಲಿ ಒಂದೇ ದಿನಕ್ಕೆ ಎರಡು ಕೆಂಪು ಕಾಟಿವೆ. ಅದರ ಮುಂದಿನ ಐದು ಮನೆಗಳಲ್ಲಿ, ಹಾಲಿನ ಗೀಟುಗಳ ಸಂದಿಯಲ್ಲಿ, ತಾಯಿ ಸಣ್ಣಕ್ಷರದಲ್ಲಿ ದಿನವೂ ಒಂದೇ ಮಾತು ಬರೆದಿದ್ದಾರೆ: ಚೀಟಿ ಮಾತ್ರೆ ಕೊಟ್ಟೆ, ನಿದ್ದೆ ಬಂತು. ನೀಲಿ ಪೆನ್ನಿನ ಗುರುತು ಆ ಹಾಳೆಯಲ್ಲಿ ಒಂದೂ ಇಲ್ಲ.